"ಶರಣು" ಅನ್ನೋ ಶಬ್ದ ಅಲ್ಲಿ ಹಾಕಬ್ಯಾಡ ತಮ್ಮಾ

ತಮ್ಮಾ,

ಇಂಡಿಯಿಂದ ನೀ ಕಳಿಸಿದ ಸುದ್ದಿ ಓದಿದ್ನಿ. ಬೈಯಾಕ ಬರಿಯಾಕತ್ತಿಲ್ಲ, ನಿನ್ನ ವಯಸ್ಸಿನ್ಯಾಗ ನಾನೂ ಹಿಂಗ ಬರದಾಂವನ. ಆದ್ರ ಹೆಡ್ಡಿಂಗ್ ನೋಡಿ ಚಾ ಕೆಳಗಿಟ್ಟೆ. "ಸಾಲಬಾಧೆ ತಾಳಲಾರದೆ ರೈತ ಸಾವಿಗೆ ಶರಣು".

ನಮ್ಮ ಕಡೆ ಶರಣು ಅಂದ್ರ ಏನ ಹೇಳು? ಬಸವನ ಬಾಗೇವಾಡಿ ಕಡೆ ಹಿರ್ಯಾರು ಎದುರಾದ್ರ ಕೈಮುಗದು ಅನ್ನೋ ಮಾತದು. ಅದನ್ನ ಒಯ್ದು ಸಾವಿನ ಪಕ್ಕ ಕುಂದ್ರಿಸಿದ್ರ ಸತ್ತಾಂವ ಯಾವುದೋ ದೊಡ್ಡದಕ್ಕ ತನ್ನ ಒಪ್ಪಿಸಿಕೊಂಡಾಂಗ ಕೇಳಸ್ತೈತಿ. ಡೆಸ್ಕಿನವರಿಗೆ ಯಾಕ ಪ್ರೀತಿ ಅಂದ್ರ ಮೂರ ಅಕ್ಷರ, ಸಿಂಗಲ್ ಕಾಲಮ್ಮಿನ್ಯಾಗ ಕುಂದರ್ತೈತಿ, ಮತ್ತೇನಿಲ್ಲ. "ಯತ್ನ ವಿಫಲ" ಅಂತನೂ ಬರೀಬ್ಯಾಡ, ಉಳಕೊಂಡಾಂವ ಪರೀಕ್ಷೆ ಫೇಲಾದಂಗ ಆಗ್ತೈತಿ. "ಇಂಡಿ ತಾಲೂಕಿನ ರೈತ ಸಾವು" ಅಂದ್ರ ಸಾಕು, ಆತ್ಮಹತ್ಯೆ ಅನ್ನೋದು ಒಳಗ ಒಂದ ಸಲ ಬರಲಿ.

ಎರಡನೇದು ಆ "ಸಾಲಬಾಧೆ". ಪೊಲೀಸರು ಇನ್ನೂ ಅಸಹಜ ಸಾವು ಅಂತ ಯುಡಿಆರ್ ಅಷ್ಟ ಮಾಡ್ಯಾರ, ಕಾರಣ ನೀ ತೀರ್ಮಾನ ಮಾಡಿಬಿಟ್ಟಿ. ನನಗ ಗೊತ್ತೈತಿ, ಊರಾಗ ಯಾರರ "ಸಾಲ ಅಂತ ಹಾಕ್ರಿ ಸರ್, ಪೇಪರ್ ಕಟಿಂಗ್ ಬೇಕಾಗ್ತೈತಿ" ಅಂದಿರ್ತಾರ. ಪರಿಹಾರ ಕೊಡೋದು ಬಿಡೋದು ಎಸಿ ಸಾಹೇಬ್ರ ಕಮಿಟಿ ಕಾಗದಪತ್ರ ನೋಡಿ ಹೇಳೋದು, ನಿನ್ನ ಕಟಿಂಗ್ ನೋಡಿ ಅಲ್ಲ. ಸಾಲದ ಸುದ್ದಿ ಮುಚ್ಚಿಡು ಅನ್ನಾಕತ್ತಿಲ್ಲ, "ಸಾಲ ಇತ್ತು ಎಂದು ಮನೆಯವರು ಪೊಲೀಸರಿಗೆ ತಿಳಿಸಿದ್ದಾರೆ" ಅಂತ ಯಾರ ಮಾತೋ ಅವರ ಬಾಯಾಗ ಇಡು. ಲಿಂಬಿ ರೇಟ್ ಬಿದ್ದಿದ್ದು, ಹೆಂಡ್ತಿ ದವಾಖಾನಿ ಖರ್ಚು, ಎರಡ ತಿಂಗಳಿಂದ ಆತ ನಿದ್ದಿ ಮಾಡ್ತಿರಲಿಲ್ಲ ಅಂತ ಆತನ ತಮ್ಮ ಹೇಳಿದ್ದು, ಇವನ್ನೆಲ್ಲಾ ನೀ ಕಡೀ ಸಾಲಿಗೆ ತಳ್ಳೀದಿ, ಆದ್ರ ಅಸಲು ವಿಷಯ ಅಲ್ಲೇ ಐತಿ. ಒಂದ ಕಾರಣಕ್ಕ ಯಾರೂ ಸಾಯಂಗಿಲ್ಲ. ಮತ್ತ ಪರಿಹಾರದ ರೊಕ್ಕದ ಲೆಕ್ಕ ಈ ಸುದ್ದಿಯೊಳಗ ಬ್ಯಾಡ. ಅಷ್ಟ ಸಾಲ ಮಾಡಿದ ಇನ್ನೊಬ್ಬಾಂವ ಅದನ್ನ ಓದಿ ನಾ ಹೋದ್ರರ ಮನಿ ಉಳದೀತು ಅಂತ ಲೆಕ್ಕ ಹಾಕ್ತಾನ.

ಮೂರನೇ ಪ್ಯಾರಾದಾಗ ಬಾಟ್ಲಿ ಹೆಸರು, ಎಷ್ಟು, ಹೊಲದಾಗ ಯಾವ ಜಾಗ, ಎಲ್ಲಾ ಬರದಿ. ನಾ ಇಲ್ಲಿ ಅದನ್ನ ತಿರುಗಿ ಬರಿಯಂಗಿಲ್ಲ. ನಮ್ಮ ಜಿಲ್ಲಾದಾಗ ಬೆಳಿಗೆ ಹೊಡಿಯೋ ಎಣ್ಣಿ ಎಷ್ಟೋ ಮನಿ ಮೂಲ್ಯಾಗ ಇರ್ತೈತಿ, ಸಾಯಬೇಕನ್ನೋ ಆ ವಿಚಾರ ಭಾಳ ಮಂದಿಗೆ ಸ್ವಲ್ಪ ಹೊತ್ತಿಂದು, ಆ ಹೊತ್ತು ದಾಟಿದ್ರ ಮನಷ್ಯಾ ಉಳಿತಾನ. ಅಂಥ ಹೊತ್ತಿನ್ಯಾಗ ನಿನ್ನ ಪ್ಯಾರಾ ಕೈಗೆ ಸಿಗಬಾರದು ನೋಡು. ವಿಯೆನ್ನಾದಾಗ 1987ರಾಗ ಪತ್ರಿಕೆಯವರು ಮೆಟ್ರೋ ಹಳಿ ಮ್ಯಾಲಿನ ಸಾವುಗಳನ್ನ ರಸವತ್ತಾಗಿ ಬರಿಯೋದು ಬಿಟ್ಟ ಮ್ಯಾಲ ಅಂಥ ಸಾವು ಗಟ್ಟಿಯಾಗಿ ಕಡಿಮಿ ಆದವು. ನಮ್ಮ ಪ್ರೆಸ್ ಕೌನ್ಸಿಲೂ 2019ರಾಗ ಇದನ್ನ ಹೇಳೈತಿ, ವಿಧಾನ ಬ್ಯಾಡ, ಜಾಗ ಬ್ಯಾಡ, ಫೋಟೋ ಬ್ಯಾಡ ಅಂತ.

ಫೋಟೋ ಅಂದ್ರ ನನ್ನದೊಂದು ಐತಿ. ಭಾಳ ವರ್ಷದ ಹಿಂದ, ಪಿಯುಸಿ ರಿಸಲ್ಟ್ ಮರುದಿನ, ಒಂದ ಹುಡುಗಿ ಹಾಲ್ ಟಿಕೆಟ್ ಫೋಟೋ ಇಸ್ಕೊಂಡು "ಫೇಲ್ ಆಗಿದ್ದಕ್ಕೆ" ಅಂತ ದೊಡ್ಡ ಅಕ್ಷರದಾಗ ಹಾಕಿಸಿದ್ನಿ, ಸಾಯೋ ಮುಂದ ಆಕಿ ಬರದಿಟ್ಟ ಚೀಟಿನೂ ಪೂರ್ತಿ ಅಚ್ಚು ಮಾಡಿಸಿದ್ನಿ. ಹದಿನೈದ ದಿನಕ್ಕ ಅವರಪ್ಪ ಆಫೀಸಿಗೆ ಬಂದ್ರು. ಜಗಳಕ್ಕ ಅಲ್ಲ. ಸಣ್ಣ ಮಗಳು ಆ ಸುದ್ದಿ ಕತ್ತರಿಸಿ ಕಂಪಾಸ್ ಬಾಕ್ಸಿನ್ಯಾಗ ಇಟ್ಕೊಂಡಾಳ, ಏನ ಮಾಡ್ಲಿ ಹೇಳ್ರಿ ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ, ಕುರ್ಚಿ ಕೊಟ್ಟೆ ಅಷ್ಟ.

ನಿನ್ನ ಸುದ್ದಿ ಹಿಂಗ ಮಾಡೀನಿ, ಚಲೋ ಅನಿಸಿದ್ರ ತಗೋ:

"ಇಂಡಿ ತಾಲೂಕಿನ 46 ವರ್ಷದ ರೈತರೊಬ್ಬರು ಭಾನುವಾರ ಮೃತಪಟ್ಟಿದ್ದಾರೆ. ಆತ್ಮಹತ್ಯೆ ಎಂದು ಮನೆಯವರು ದೂರು ನೀಡಿದ್ದು, ಪೊಲೀಸರು ತನಿಖೆ ನಡೆಸಿದ್ದಾರೆ. ಸಾಲ ಇತ್ತು ಎಂದು ಮನೆಯವರು ಪೊಲೀಸರಿಗೆ ತಿಳಿಸಿದ್ದಾರೆ. ಲಿಂಬೆ ಬೆಲೆ ಕುಸಿತ, ಪತ್ನಿಯ ಅನಾರೋಗ್ಯದಿಂದ ನೊಂದಿದ್ದ ಅವರಿಗೆ ಕೆಲ ಕಾಲದಿಂದ ನಿದ್ರೆ ಬರುತ್ತಿರಲಿಲ್ಲ ಎಂದು ಸಂಬಂಧಿಕರು ತಿಳಿಸಿದ್ದಾರೆ. ಇಂಥ ಸಂಕಟದಲ್ಲಿರುವವರು ಉಚಿತ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು."

ನಂಬರ್ ಕಡೀಗೆ ಸಣ್ಣ ಅಕ್ಷರದಾಗ ಬ್ಯಾಡ, ಸುದ್ದಿಯೊಳಗ ಇರಲಿ. ಊರ ಹೆಸರು ನಾ ಬೇಕಂತ ತಗದೀನಿ. ಪೇಜ್ ಕಟ್ಟಾಂವ ಇದನ್ನ ಮೊದಲ ಪುಟಕ್ಕ ಕೇಳಿದ್ರ ಒಳಗಿನ ಪುಟಕ್ಕ ಸಾಕು ಅನ್ನು, ಒಪ್ಪಲಿಲ್ಲಂದ್ರ ನನಗ ಫೋನ್ ಹಚ್ಚು. ಮತ್ತ ಆ ಹೊಲದ ಫೋಟೋ ತಾಲೂಕು ವರದಿಗಾರರ ವಾಟ್ಸಾಪ್ ಗ್ರೂಪಿನ್ಯಾಗ ನೀನ ಹಾಕೀದಿ ಅಂತ ಯಾರೋ ಅಂದ್ರು, ಈ ಪತ್ರ ಓದಿ ಮುಗಿಸೋದರೊಳಗ ಅದನ್ನ ಎಲ್ಲಾರ ಮೊಬೈಲಿಂದನೂ ಹೋಗೂ ಹಾಂಗ ಡಿಲೀಟ್ ಮಾಡು, ಆಗಲಿಲ್ಲಂದ್ರ ಒಬ್ಬೊಬ್ಬರಿಗೂ ಫೋನ್ ಮಾಡಿ ತಗಸು.

ನಿನ್ನ ಕಾಕಾ,
ವಿಜಯಪುರ