ಡಿಸ್ಚಾರ್ಜ್ ಸಮ್ಮರಿಯನ್ನು ಹಳೇ ಮಾತ್ರೆ ಡಬ್ಬಿ ಪಕ್ಕ ಇಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಈ ಕೆಲಸ ಮಾಡಿ, ಜಾಸ್ತಿ ಎಡವಟ್ಟಾಗುವುದು ಇಲ್ಲೇ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಹಾಳೆಯನ್ನೇ ತಗೊಳ್ಳಿ. ಡಯಾಗ್ನೋಸಿಸ್ ಕೆಳಗೆ ಕಾಯಿಲೆ ಏನು ಅಂತ ಇರುತ್ತದೆ. ಪ್ರೊಸೀಜರ್ ಕೆಳಗೆ ‘ಪಿಟಿಸಿಎ’ ಅಂತಿದ್ದರೆ ಆಂಜಿಯೋಪ್ಲಾಸ್ಟಿ, ಅಂದರೆ ಕಿರಿದಾದ ಹೃದಯದ ರಕ್ತನಾಳವನ್ನು ಅಗಲ ಮಾಡುವ ಚಿಕಿತ್ಸೆ ಆಗಿದೆ, ‘ಡಿಇಎಸ್’ ಅಂದರೆ ಔಷಧ ಲೇಪಿಸಿದ ಸ್ಟೆಂಟ್. ಅದು ಹಾಕಿದ ತಾರೀಖಿಗೆ ಗುರುತು ಹಾಕಿ, ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ಅದನ್ನೇ ಕೇಳುತ್ತಾರೆ.

ಮಾತ್ರೆ ಪಟ್ಟಿಯಲ್ಲಿ ಬ್ರ್ಯಾಂಡ್ ಹೆಸರು ನೋಡಿದರೆ ಸಾಲದು, ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದಿ. ಹೊಸ ಕ್ಯಾಪ್ಸೂಲ್ ಒಂದರಲ್ಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ 75 ಮಿಲಿಗ್ರಾಂ, ಕ್ಲೊಪಿಡೊಗ್ರೆಲ್ 75 ಮಿಲಿಗ್ರಾಂ, ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಮೂರೂ ಇರಬಹುದು. ಮನೆಯ ಡಬ್ಬಿಯಲ್ಲಿ ಹಳೇ ಆಸ್ಪಿರಿನ್ 75 ಬೇರೆ ಇದೆ, ಅದನ್ನೂ ನುಂಗಿದರೆ ಆಸ್ಪಿರಿನ್ ದಿನಕ್ಕೆ 150 ಆಯ್ತು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ ಅಲ್ವಾ? ಕಪ್ಪಗೆ ಮಲ ಹೋದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗಿರಬಹುದು, ತಡ ಮಾಡದೆ ಆಸ್ಪತ್ರೆಗೆ ಹೋಗಿ, ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸುವುದಿದ್ದರೂ ಹೃದಯದ ಡಾಕ್ಟರನ್ನು ಮೊದಲು ಕೇಳಿ.

1-0-1 ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಪಕ್ಕದಲ್ಲಿ ‘5 ದಿನ’ ಅಂತಿದ್ದರೆ ಅಲ್ಲಿಗೆ ಮುಗಿಯಿತು.

ಮೊದಲಿನಿಂದ ತಗೊಳ್ಳುತ್ತಿದ್ದ ಬಿಪಿ, ಶುಗರ್ ಮಾತ್ರೆ ಪಟ್ಟಿಯಲ್ಲೇ ಇಲ್ಲದಿದ್ದರೆ ನಿಲ್ಲಿಸಿದ್ದಾರೋ ಬರೆಯಲು ಮರೆತಿದ್ದಾರೋ ಅಂತ ಸುಮ್ನೆ ಊಹಿಸಬೇಡಿ, ಫೋನ್ ಮಾಡಿ ಕೇಳಿ. ಫಾಲೋಅಪ್ ಜಾಗದಲ್ಲಿ ತಾರೀಖಿನ ಜೊತೆ ಯಾವ ರಕ್ತ ಪರೀಕ್ಷೆ ಮಾಡಿಸಿಕೊಂಡು ಬರಬೇಕು ಅಂತಲೂ ಇರುತ್ತದೆ, ರಿಪೋರ್ಟ್ ಕೈಯಲ್ಲಿ ಇಟ್ಟುಕೊಂಡೇ ಹೋಗಿ.