ಎರಡೇ ನರ್ಸರಿ ಇದ್ದ ಮಾತ್ರಕ್ಕೆ ಒಳಒಪ್ಪಂದವಾಗದು

ಸಂಪಾದಕರಿಗೆ,

ಮಾನ್ಯರೇ,

ಅಡಿಕೆ ಸಸಿಯ ದರದ ಬಗ್ಗೆ ತಮ್ಮ ಪತ್ರಿಕೆಗೆ ಬರೆದ ಓದುಗರೊಬ್ಬರು, ಊರಿಗೆ ಎರಡೇ ನರ್ಸರಿಗಳಿದ್ದು ಎರಡರಲ್ಲೂ ದರವು ಖರ್ಚಿನ ದುಪ್ಪಟ್ಟಿಗಿಂತ ಹೆಚ್ಚಿರುವುದರಿಂದ ಅವರೊಳಗೆ ಒಳಒಪ್ಪಂದ ಇರಲೇಬೇಕು ಎಂದು ತೀರ್ಮಾನಿಸಿದ್ದಾರೆ. ಬೆಳೆಗಾರನಾಗಿ ಅವರ ಸಂಕಟ ನನಗೂ ಗೊತ್ತು. ಆದರೆ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನಗೆ ಆ ತೀರ್ಮಾನ ತಪ್ಪೆನಿಸುತ್ತದೆ; ಏಕೆಂದರೆ ಒಪ್ಪಂದವೇ ಇಲ್ಲದೆಯೂ ದರ ಖರ್ಚಿಗಿಂತ ಬಹಳ ಮೇಲೆ ನಿಲ್ಲಬಲ್ಲದು. ಫ್ರಾನ್ಸಿನ ಗಣಿತಜ್ಞ ಅಂತ್ವಾನ್ ಕೂರ್ನೊ 1838ರಲ್ಲಿ ಖನಿಜ ನೀರಿನ ಎರಡು ಬುಗ್ಗೆಗಳ ಮಾಲೀಕರನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ತೋರಿಸಿದರು.

ಅವರ ಲೆಕ್ಕ ನಮ್ಮ ಸಸಿಗಳಿಗೆ ಚೆನ್ನಾಗಿ ಹೊಂದುತ್ತದೆ. ಮುಂಗಾರಿಗೆ ಮಾರುವ ಸಸಿಗೆ ಒಂದು ವರ್ಷ ಮೊದಲೇ ಬೀಜದಡಿಕೆ ಹಾಕಬೇಕು. ಆದ್ದರಿಂದ ನರ್ಸರಿಯವರು ಮೊದಲು ತೀರ್ಮಾನಿಸುವುದು ಎಷ್ಟು ಸಸಿ ಎಂಬುದನ್ನು, ದರವನ್ನು ಅಲ್ಲ. ನಾನು ಸಸಿ ಕೊಳ್ಳಲು ಹೋದಾಗ ಮಾಲೀಕರು ಕೊಟ್ಟೆಗಳಿಗೆ ಮಣ್ಣು ತುಂಬಿಸುತ್ತಲೇ, “ಆಚೆಯವರು ಈ ಸಲ ಎಷ್ಟು ಹಾಕಿದಾರೆ ಮಾರಾಯ್ರೆ?” ಎಂದು ಕೇಳಿದ್ದರು. ಕೂರ್ನೊ ಅವರ ಲೆಕ್ಕ ಹುಟ್ಟುವುದೇ ಈ ಪ್ರಶ್ನೆಯಿಂದ.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ. ಇಬ್ಬರ ಸಸಿಗಳು ಒಂದೇ ಗುಣಮಟ್ಟದವು. ಸಸಿಯೊಂದಕ್ಕೆ ಖರ್ಚು 12 ರೂಪಾಯಿ. ಪೇಟೆಗೆ ಬರುವ ಒಟ್ಟು ಸಸಿ Q ಸಾವಿರವಾದರೆ ದರ P = 60 − Q, ಅಂದರೆ ಸಾವಿರ ಸಸಿ ಹೆಚ್ಚಾದಾಗಲೆಲ್ಲ ದರ ಒಂದು ರೂಪಾಯಿ ಇಳಿಯುತ್ತದೆ. ಮೊದಲನೆಯವರು q1, ಎರಡನೆಯವರು q2 ಸಾವಿರ ಬೆಳೆಸಿದರೆ ಮೊದಲನೆಯವರ ಲಾಭ (48 − q1 − q2) × q1 ಸಾವಿರ ರೂಪಾಯಿ. q2 ಬದಲಾಗದೆಂದು ಭಾವಿಸಿ ಈ ಲಾಭವನ್ನು ಗರಿಷ್ಠಗೊಳಿಸಿದರೆ 48 − q2 − 2q1 = 0 ಎಂಬ ಸಮೀಕರಣ ಸಿಗುತ್ತದೆ; ಅದರಿಂದ q1 = 24 − q2/2. ಇದೇ ಪ್ರತಿಕ್ರಿಯಾ ಫಲನ. ಎದುರಿನವರು ಎರಡು ಸಾವಿರ ಹೆಚ್ಚಿಸಿದರೆ ಇವರು ಒಂದು ಸಾವಿರ ಇಳಿಸುವುದು ಲಾಭಕರ ಎಂದು ಅದು ಹೇಳುತ್ತದೆ. ಎರಡನೆಯವರಿಗೂ ಇದೇ ರೀತಿ q2 = 24 − q1/2. ಎರಡೂ ಒಟ್ಟಿಗೆ ನಿಜವಾಗುವುದು q1 = q2 = 16 ಆದಾಗ ಮಾತ್ರ. ಒಟ್ಟು 32 ಸಾವಿರ ಸಸಿ, ದರ 28 ರೂಪಾಯಿ, ತಲಾ ಲಾಭ 2,56,000 ರೂಪಾಯಿ. ಒಬ್ಬರೊಡನೊಬ್ಬರು ಮಾತೇ ಆಡದಿದ್ದರೂ ದರ ಖರ್ಚಿನ ದುಪ್ಪಟ್ಟನ್ನು ದಾಟಿತು. ಸಿದ್ಧ ಸಸಿ ಬೇಕಾದಷ್ಟಿದ್ದು ಇಬ್ಬರೂ ದರದಲ್ಲೇ ಪೈಪೋಟಿಗೆ ಇಳಿದಿದ್ದರೆ ಫಲಿತಾಂಶ ಬೇರೆಯಾಗಿ, ದರ ಖರ್ಚಿನ ಹತ್ತಿರಕ್ಕೆ ಕುಸಿಯುತ್ತಿತ್ತು.

ಈಗ ಅವರು ನಿಜವಾಗಿ ಕೈಜೋಡಿಸಿದರೆಂದುಕೊಳ್ಳೋಣ. ಒಬ್ಬನೇ ಮಾಲೀಕನಂತೆ (48 − Q) × Q ಅನ್ನು ಗರಿಷ್ಠಗೊಳಿಸಿದರೆ ಒಟ್ಟು 24 ಸಾವಿರ ಸಸಿ, ತಲಾ 12 ಸಾವಿರ. ದರ 36 ರೂಪಾಯಿ, ತಲಾ ಲಾಭ 2,88,000. ಇಬ್ಬರಿಗೂ ಸೇರಿ ಹೆಚ್ಚು ಸಿಕ್ಕಿದ್ದು 64,000 ರೂಪಾಯಿ. ಬೆಳೆಗಾರರು ಕಳೆದುಕೊಂಡದ್ದು ಎಷ್ಟು? ಕೊಂಡ 24 ಸಾವಿರ ಸಸಿಗೆ ತಲಾ 8 ರೂಪಾಯಿಯಂತೆ 1,92,000, ದರ ನೋಡಿ ಕೊಳ್ಳದೆ ಬಿಟ್ಟ 8 ಸಾವಿರ ಸಸಿಗಳಿಂದ ಸಿಗಬೇಕಿದ್ದ ಪ್ರಯೋಜನ ಸರಾಸರಿ ತಲಾ 4 ರೂಪಾಯಿಯಂತೆ ಇನ್ನೂ 32,000, ಒಟ್ಟು 2,24,000. ಅಂದರೆ 1,60,000 ರೂಪಾಯಿ ಯಾರ ಕೈಗೂ ಸೇರದೆ ಹಾಳಾಯಿತು. ನನಗೆ ಕೋಪ ಬರುವುದು ಈ ಮೊತ್ತದ ಬಗ್ಗೆ.

ಇಂಥ ಒಪ್ಪಂದ ಒಳಗಿನಿಂದಲೇ ಅಲುಗಾಡುತ್ತಿರುತ್ತದೆ. ಎದುರಿನವರು 12 ಸಾವಿರಕ್ಕೆ ನಿಂತಿದ್ದಾರೆಂದು ಗೊತ್ತಿದ್ದರೆ, ಪ್ರತಿಕ್ರಿಯಾ ಫಲನದ ಪ್ರಕಾರ ನನಗೆ ಲಾಭಕರವಾದದ್ದು 24 − 6 = 18 ಸಾವಿರ. ದರ 30ಕ್ಕೆ ಇಳಿದರೂ ನನ್ನ ಲಾಭ 3,24,000ಕ್ಕೆ ಏರುತ್ತದೆ. ಮಾತಿಗೆ ತಪ್ಪದವರಿಗೆ ಉಳಿಯುವುದು 2,16,000. ಆದರೆ ಮರುವರ್ಷದಿಂದ ಒಪ್ಪಂದ ಮುರಿದು ಇಬ್ಬರೂ 16 ಸಾವಿರಕ್ಕೆ ಮರಳಿದರೆ, ಒಮ್ಮೆ 36,000 ಹೆಚ್ಚು ಗಳಿಸಿದವರು ಪ್ರತಿವರ್ಷ 32,000 ಕಳೆದುಕೊಳ್ಳುತ್ತಾರೆ. ಆದ್ದರಿಂದ ಬಹುಕಾಲ ಅಕ್ಕಪಕ್ಕದಲ್ಲೇ ವ್ಯಾಪಾರ ಮಾಡುವ, ಒಬ್ಬರ ಸಸಿಮಡಿ ಇನ್ನೊಬ್ಬರಿಗೆ ಕಾಣುವ ಸಣ್ಣ ಊರುಗಳಲ್ಲಿ ಒಪ್ಪಂದ ಬಾಳುವ ಸಾಧ್ಯತೆ ಹೆಚ್ಚು. ಓದುಗರ ಅನುಮಾನ ಪೂರ್ಣ ನಿರಾಧಾರವೆಂದು ನಾನು ಹೇಳದಿರುವುದು ಇದಕ್ಕಾಗಿಯೇ.

2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಗುರಿಯಾಗಿಸಿಕೊಂಡಿರುವುದು ದರ ಅಥವಾ ಉತ್ಪಾದನೆ ಕುರಿತ ಒಪ್ಪಂದವನ್ನೇ ಹೊರತು ಹೆಚ್ಚಿನ ದರವನ್ನಲ್ಲ. ಹಾಗಾಗಿ ದೂರು ಕೊಡಬಯಸುವವರು ದರದ ಬೋರ್ಡಿಗಿಂತ ಸಸಿಮಡಿಯನ್ನು ಗಮನಿಸಲಿ. ಒಂದು ನರ್ಸರಿಯವರು ಈ ವರ್ಷ ನಾಲ್ಕು ಸಾವಿರ ಕಡಿಮೆ ಬೀಜ ಹಾಕಿದ್ದು ತಿಳಿದ ಮೇಲೆ, ಸ್ವತಂತ್ರವಾಗಿ ಯೋಚಿಸುವ ಇನ್ನೊಬ್ಬರು ಎರಡು ಸಾವಿರದಷ್ಟಾದರೂ ಹೆಚ್ಚಿಸಬೇಕು. ಜಾಗ, ಬೀಜ, ಆಳು ಎಲ್ಲ ಇದ್ದೂ ಅವರು ವರ್ಷವರ್ಷವೂ ಒಂದು ಕೊಟ್ಟೆಯನ್ನೂ ಹೆಚ್ಚಿಸದಿದ್ದರೆ, ಆಗ ಪ್ರಶ್ನೆ ಕೇಳಲು ಕಾರಣವಿದೆ.

ಇತಿ,
ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ,
ತೀರ್ಥಹಳ್ಳಿ