24 ಗಂಟೆಯ ಗೊಬ್ಬರ ಯಂತ್ರ: ದೂರು

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮಿಂದ ಕೊಂಡ ಗೊಬ್ಬರ ಯಂತ್ರ ಮತ್ತು ಪಾರ್ಸೆಲ್ ಕವರ್‌ಗಳ ಬಗ್ಗೆ

ಮಾನ್ಯರೇ,

ನಮ್ಮದು ಮೈಸೂರಿನಲ್ಲೊಂದು ಸಣ್ಣ ದರ್ಶಿನಿ. ತರಕಾರಿ ಸಿಪ್ಪೆ, ಬಾಳೆಲೆ, ತಟ್ಟೆಯಲ್ಲಿ ಬಿಟ್ಟ ಅನ್ನ ಸಾಂಬಾರ್ ಎಲ್ಲ ಸೇರಿ ದಿನಕ್ಕೆ 40 ಕೆಜಿ ಹಸಿ ಕಸ. "ಇವತ್ತು ಹಾಕಿ, ನಾಳೆ ಗೊಬ್ಬರ ತೆಗೀರಿ" ಎಂದು ನಿಮ್ಮ ಸೇಲ್ಸ್‌ನವರು ಹೇಳಿದ್ದನ್ನು ನಂಬಿ ನಾಲ್ಕು ತಿಂಗಳ ಹಿಂದೆ ಯಂತ್ರ ತಗೊಂಡೆವು.

ಮರುದಿನ ಬರುವುದು ಕಾಫಿಪುಡಿ ಥರದ ಒಣ ಪುಡಿ. ನೋಡಲು ಚೆನ್ನಾಗಿಯೇ ಇರುತ್ತದೆ. ಹಿತ್ತಿಲ ಕರಿಬೇವಿನ ಬುಡಕ್ಕೆ ನಾಲ್ಕು ಬೊಗಸೆ ಹಾಕಿ ನೀರು ಬಿಟ್ಟೆವು. ಮೂರನೇ ದಿನಕ್ಕೆ ಬಿಳಿ ಬೂಷ್ಟು, ನೊಣ, ಹುಳಿ ವಾಸನೆ. ವಾರದೊಳಗೆ ಎಲೆ ಹಳದಿ. ಅನುಮಾನ ಬಂದು, ಒಂದು ಮುಷ್ಟಿ ಪುಡಿ ಒದ್ದೆ ಮಾಡಿ ಡಬ್ಬಿಯಲ್ಲಿ ಮುಚ್ಚಿಟ್ಟೆ. ಎರಡು ದಿನ ಬಿಟ್ಟು ಮುಚ್ಚಳ ತೆಗೆದರೆ ಹಳಸಿದ ಸಾಂಬಾರಿನ ನಾತ! ಕಳಿತ ಗೊಬ್ಬರ ಹೀಗೆ ನಾರುವುದಿಲ್ಲ, ಮಣ್ಣಿನ ವಾಸನೆ ಬರುತ್ತದೆ. ನಿಮ್ಮ ಯಂತ್ರ ಕಸವನ್ನು ಕಾಯಿಸಿ, ಪುಡಿ ಮಾಡಿ, ಒಣಗಿಸುತ್ತದೆ, ಅಷ್ಟೇ. ಕೊಳೆಯುವ ಕೆಲಸ ಶುರುವಾಗುವುದು ಗಿಡದ ಬುಡದಲ್ಲಿ ನೀರು ಬಿದ್ದ ಮೇಲೆ. ಪಾಪ, ಬೇರಿಗೆ ಬೇಕಾದ ಗಾಳಿಯನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಸಾಂಬಾರಿನ ಉಪ್ಪು ಬೇರೆ.

ಇದನ್ನು ಹೇಳಿದಾಗ ಬಂದ ನಿಮ್ಮ ಟೆಕ್ನಿಷಿಯನ್, "ಬೋಂಡ ಕರಿದ ಎಣ್ಣೆನೂ ಇದಕ್ಕೇ ಸುರೀರಿ ಸಾರ್" ಎಂದರು. ಐದು ಲೀಟರ್ ಸುರಿದೆವು. ಪುಡಿ ಹೋಗಿ ಅಂಟು ಮುದ್ದೆಯಾಯಿತು. ಎಣ್ಣೆ ಮೆತ್ತಿದ ಕಸದೊಳಗೆ ಗಾಳಿಯೂ ಹೋಗಲ್ಲ, ನೀರೂ ಇಳಿಯಲ್ಲ ಅಲ್ವಾ? ಮೊದಲು ನಾವು ಹಳೇ ಎಣ್ಣೆಯನ್ನು ಆರಿಸಿ, ಸೋಸಿ, ಕ್ಯಾನಿಗೆ ತುಂಬಿ ಬಯೋಡೀಸೆಲ್‌ನವರಿಗೆ ತೂಕ ಹಾಕಿ ಕೊಡುತ್ತಿದ್ದೆವು. ದುಡ್ಡೂ ಬರುತ್ತಿತ್ತು, ರಸೀದಿಯೂ ಸಿಗುತ್ತಿತ್ತು. ಈಗ ಮತ್ತೆ ಅವರಿಗೇ ಕೊಡುತ್ತಿದ್ದೇವೆ.

ಇನ್ನು ಯಂತ್ರದ ಜೊತೆ ನೀವೇ ಕೊಟ್ಟ "ಕಾಂಪೋಸ್ಟೆಬಲ್" ಕವರ್. ಅದೂ ಯಂತ್ರದಲ್ಲೇ ಕರಗುತ್ತದೆ ಎಂದಿದ್ದಿರಿ. ಬ್ಲೇಡಿಗೆ ಹಗ್ಗದ ಹಾಗೆ ಸುತ್ತಿಕೊಂಡಿತ್ತು, ನಮ್ಮ ಹುಡುಗ ಚಾಕು ಹಿಡಿದು ಒಂದು ಗಂಟೆ ಬಿಡಿಸಿದ. ಇಂಥ ಕವರ್ ಮೇಲೆ ತಯಾರಕರ ಹೆಸರು, ಸರ್ಟಿಫಿಕೇಟ್ ನಂಬರ್ ಇರಬೇಕು. ಇದರ ಮೇಲಿರುವುದು ಒಂದು ಹಸಿರು ಎಲೆಯ ಚಿತ್ರ ಮಾತ್ರ. ಅಸಲಿ ಕವರೇ ಆದರೂ ದೊಡ್ಡ ಘಟಕದ ಬಿಸಿಯಲ್ಲಿ ವಾರಗಟ್ಟಲೆ ಇರಬೇಕು, ಒಂದು ರಾತ್ರಿಗೆ ಕರಗುವುದಿಲ್ಲ. ಉಳಿದ ಬಂಡಲ್ ಹಾಗೇ ಇದೆ. ಕವರ್ ಬದಲು ಪಾರ್ಸೆಲ್ ಸಾಂಬಾರಿಗೆ ಮನೆಯಿಂದ ಡಬ್ಬಿ ತಂದವರಿಗೆ ಐದು ರೂಪಾಯಿ ಕಮ್ಮಿ ಮಾಡಿದ್ದೇವೆ.

ಸದ್ಯ ಆ ಪುಡಿಗೆ ತೆಂಗಿನ ನಾರಿನ ಪುಡಿ, ಹಳೇ ಗೊಬ್ಬರ ಬೆರೆಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆ ಮಾಡಿ ಕ್ರೇಟಿನಲ್ಲಿಡುತ್ತಿದ್ದೇವೆ. ನಾಲ್ಕು ದಿನಕ್ಕೊಮ್ಮೆ ತಿರುವಿದರೆ ಗೊಬ್ಬರವಾಗಲು 40 ದಿನ ಬೇಕು. ಅಂದಮೇಲೆ ಯಂತ್ರಕ್ಕೆ ಸುಮ್ನೆ ಕರೆಂಟ್ ಬಿಲ್ ಯಾಕೆ ಕಟ್ಟಬೇಕು?

15 ದಿನದೊಳಗೆ ಯಂತ್ರ ಮತ್ತು ಕವರ್ ವಾಪಸ್ ಪಡೆದು ಹಣ ಹಿಂದಿರುಗಿಸಿ. ಇಲ್ಲವಾದರೆ, ಇದು ಒಣಗಿಸುವ ಯಂತ್ರ ಮಾತ್ರ ಎಂದು ಬರೆದುಕೊಟ್ಟು, ಮುಂದಿನ 40 ದಿನದ ಕೆಲಸಕ್ಕೆ ಬೇಕಾದ ಕ್ರೇಟುಗಳನ್ನು ನಿಮ್ಮ ಖರ್ಚಿನಲ್ಲೇ ಕಳಿಸಿ. ಒದ್ದೆ ಪುಡಿಯ ಡಬ್ಬಿಯನ್ನು ಹಾಗೇ ಇಟ್ಟಿದ್ದೇನೆ. ನಿಮ್ಮ ಕಡೆಯವರು ಬಂದಾಗ ಅವರೇ ಮುಚ್ಚಳ ತೆಗೆಯಲಿ.

ಇಂತಿ,
ದರ್ಶಿನಿಯ ಮಾಲೀಕರು, ಮೈಸೂರು